ನೋಟು ಹೊಡೆದು ಕೊಡಲಿ ಅನ್ನೋರಿಗೆ, ಮಾರಿಕುಪ್ಪಂನಿಂದ ಒಂದು ಮಾತು



ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡಿಕೊಂಡು ಓದಿ. ಒಪ್ಪಿಗೆ ಆಗದಿದ್ದರೆ ಕೆಳಗೆ ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ಕಳೆದ ಭಾನುವಾರ ನಮ್ಮ ಮಾರಿಕುಪ್ಪಂ ಲೈನಿನಲ್ಲಿ ಸಭೆ ಇತ್ತು. ಮನೆ ಪಟ್ಟಾ, ವಯಸ್ಸಾದವರ ಪಿಂಚಣಿ, ಕೆಲಸ ಇಲ್ಲದ ಹುಡುಗರು, ಇದೇ ವಿಷಯ. ಒಬ್ಬ ತಮ್ಮ ಎದ್ದು ನಿಂತು ಹೇಳಿದ: "ಅಣ್ಣ, ದುಡ್ಡಿಲ್ಲ ದುಡ್ಡಿಲ್ಲ ಅಂತಾರಲ್ಲ, ನೋಟು ಹೊಡೆಯೋ ಪ್ರೆಸ್ಸು ಮೈಸೂರಲ್ಲೇ ಐತೆ. ಹೊಡೆದು ಕೊಡಲಿ. ಐನೂರರ ನೋಟು ಹೊಡೆಯೋಕೆ ಮೂರು ರೂಪಾಯಿನೂ ಆಗಲ್ಲ. ಕೊಡೋಕೆ ಇವರಿಗೆ ಮನಸ್ಸಿಲ್ಲ, ಅಷ್ಟೇ."

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಮನೆಗೆ ಬಂದ ಮೇಲೆ ನಾಚಿಕೆ ಆಯಿತು. ಆ ತಮ್ಮ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಪ್ರೆಸ್ಸು ಮೈಸೂರಲ್ಲಿದೆ, ನೋಟು ಹೊಡೆಯುವ ಖರ್ಚೂ ಅಷ್ಟೇ, ಮನಸ್ಸಿಲ್ಲ ಅನ್ನೋದೂ ಸರಿ. ಆದರೆ ಹಾಗೆ ಹೊಡೆದ ನೋಟಿನ ದುಡ್ಡು ಯಾರ ಜೇಬಿನಿಂದ ಬರುತ್ತೆ ಅಂತ ನಾವು ಯಾರೂ ಕೇಳಲಿಲ್ಲ. ಅದು ನಮ್ಮ ಜೇಬಿನಿಂದಲೇ ಬರುತ್ತೆ. ಈ ಪೋಸ್ಟು ಬರೀತಿರೋದು ಅದಕ್ಕೇ.

ನಮ್ಮ ಅಮ್ಮನ ಅಕ್ಕಿ ಡಬ್ಬದಿಂದ ಶುರು ಮಾಡ್ತೀನಿ.

2001ರಲ್ಲಿ ಗಣಿ ಮುಚ್ಚಿತು. ಆಗ ಅಮ್ಮ ತಂಗಿ ಮದುವೆಗೆ ಅಂತ 20,000 ರೂಪಾಯಿ ಎತ್ತಿಟ್ಟಳು. ಬ್ಯಾಂಕ್ ಅಂದ್ರೆ ಅವಳಿಗೆ ಭಯ, ಸಹಿ ಬರಲ್ಲ. ಪ್ಲಾಸ್ಟಿಕ್ ಕವರಿಗೆ ಸುತ್ತಿ ಅಕ್ಕಿ ಡಬ್ಬದ ತಳದಲ್ಲಿಟ್ಟಳು. ಹತ್ತು ವರ್ಷ ಆದ ಮೇಲೆ, 2011ರಲ್ಲಿ, ಡಬ್ಬ ತೆಗೆದು ಎಣಿಸಿದರೆ ಒಂದು ನೋಟೂ ಕಡಿಮೆ ಇಲ್ಲ. ಅದೇ 20,000. ಆದರೆ ಆ ಹತ್ತು ವರ್ಷದಲ್ಲಿ ಸಾಮಾನಿನ ಬೆಲೆ ಹತ್ತಿರತ್ತಿರ ಎರಡು ಪಟ್ಟಾಗಿತ್ತು. 2001ರಲ್ಲಿ ಹತ್ತೂವರೆ ಸಾವಿರಕ್ಕೆ ಸಿಗುತ್ತಿದ್ದ ಸಾಮಾನು ತರೋಕೆ ಈಗ ಅಷ್ಟೂ ನೋಟು ಬೇಕು. ಉಳಿದ ಒಂಬತ್ತೂವರೆ ಸಾವಿರದ ಸಾಮಾನು ಎಲ್ಲಿ ಹೋಯಿತು? ಡಬ್ಬಕ್ಕೆ ಯಾರೂ ಕೈ ಹಾಕಿಲ್ಲ. ಯಾವ ಅಧಿಕಾರಿಯೂ ಬಾಗಿಲು ತಟ್ಟಿಲ್ಲ, ರಸೀದಿನೂ ಕೊಟ್ಟಿಲ್ಲ.

ನೋಟು ಅಂದ್ರೆ ಏನು ಅಂತ ನೋಡಿದ್ರೆ ಇದಕ್ಕೆ ಉತ್ತರ ಸಿಗುತ್ತೆ. ನೋಟು ಅಂದ್ರೆ ರಿಸರ್ವ್ ಬ್ಯಾಂಕು ಬರೆದುಕೊಟ್ಟ ಸಾಲಪತ್ರ, ಅದೂ ಬಡ್ಡಿ ಇಲ್ಲದ್ದು. ಅಮ್ಮ ಹತ್ತು ವರ್ಷ ಬಡ್ಡಿ ಕೇಳದೆ ಸಾಲ ಕೊಟ್ಟಳು. ಬೆಲೆ ಏರಿದಷ್ಟೂ ಆ ಸಾಲದ ಭಾರ ಬರೆದುಕೊಟ್ಟವರಿಗೆ ಇಳಿಯುತ್ತೆ. ಅಮ್ಮ ಕಳೆದುಕೊಂಡದ್ದನ್ನು ನೋಟು ಹೊರಡಿಸಿದವರು ಗಳಿಸಿದರು. ಇದನ್ನೇ ಹಣದುಬ್ಬರದ ತೆರಿಗೆ ಅನ್ನೋದು. ಬೆಲೆ ಏರೋಕೆ ಮಳೆ ಕೈಕೊಟ್ಟಿದ್ದು, ಎಣ್ಣೆ ಬೆಲೆ, ಇನ್ನೂ ನೂರು ಕಾರಣ ಇರಬಹುದು. ಕಾರಣ ಯಾವುದಾದರೂ ಡಬ್ಬದ ನೋಟಿನ ಮೇಲಿನ ಈ ಕಡಿತ ತಪ್ಪಲ್ಲ.

ಇದು ಎಷ್ಟು ದೊಡ್ಡದು? 2024ರ ಮಾರ್ಚಿನಲ್ಲಿ ದೇಶದಲ್ಲಿ ಚಲಾವಣೆಯಲ್ಲಿದ್ದ ನೋಟು ನಾಣ್ಯ ಎಲ್ಲ ಸೇರಿ ಸುಮಾರು 35 ಲಕ್ಷ ಕೋಟಿ ರೂಪಾಯಿ. ಆ ವರ್ಷ ಗ್ರಾಹಕ ಬೆಲೆ ಏರಿದ್ದು ಸರಾಸರಿ ಶೇ. 5.4. ಗುಣಿಸಿ ನೋಡಿ, ಸುಮಾರು 1.9 ಲಕ್ಷ ಕೋಟಿ. ಕೈಯಲ್ಲಿ, ಡಬ್ಬದಲ್ಲಿ, ಸೊಂಟದ ಚೀಲದಲ್ಲಿ ನೋಟು ಇಟ್ಟುಕೊಂಡವರಿಂದ ಒಂದೇ ವರ್ಷದಲ್ಲಿ ಸವೆದುಹೋದ ಕೊಳ್ಳುವ ಬಲ ಅದು. ಯಾವ ವಿಧಾನಸಭೆಯಲ್ಲೂ ಈ ತೆರಿಗೆ ಚರ್ಚೆಗೆ ಬರಲ್ಲ, ಯಾವ ಬಜೆಟ್ ಭಾಷಣದಲ್ಲೂ ಇದರ ದರ ಓದಲ್ಲ.

ನೋಟಿನಿಂದ ಬರೋ ಆದಾಯ ಎಲ್ಲವೂ ಮೋಸ ಅಂತ ನಾನು ಹೇಳ್ತಿಲ್ಲ. ದೇಶದಲ್ಲಿ ಕೆಲಸ ಹೆಚ್ಚಿ ವ್ಯಾಪಾರ ಬೆಳೆದರೆ ಜನಕ್ಕೆ ಹೆಚ್ಚು ನೋಟು ಬೇಕಾಗುತ್ತೆ. ಅಷ್ಟು ನೋಟು ಹೊಸದಾಗಿ ಹೊರಟರೆ ಅದರಿಂದ ಬೆಲೆ ಏರಲ್ಲ, ಯಾರಿಗೂ ಪೆಟ್ಟಿಲ್ಲ, ಸರ್ಕಾರಕ್ಕೂ ಲಾಭ. ಆದರೆ ಆ ಪಾಲು ಚಿಕ್ಕದು. "ಹೊಡೆದು ಕೊಡಲಿ" ಅಂತ ತಮ್ಮ ಕೇಳಿದ್ದು ಅದನ್ನು ದಾಟಿ. ಸಾಮಾನು ಅಷ್ಟೇ ಇದ್ದು ನೋಟು ಮಾತ್ರ ಹೆಚ್ಚಾದರೆ ಆಮೇಲೆ ಬರೋದೆಲ್ಲ ತೆರಿಗೆಯೇ.

"ಆಗಲಿ ಬಿಡಣ್ಣ, ತೆರಿಗೆನೇ ಆಗಲಿ. ಎಲ್ಲರ ಹತ್ರಾನೂ ನೋಟು ಐತೆ, ಸಾಹುಕಾರನ ಹತ್ರ ಜಾಸ್ತಿ ಐತೆ. ಅವನೇ ಜಾಸ್ತಿ ಕಟ್ತಾನೆ" ಅಂತ ಇನ್ನೊಬ್ಬ ಗೆಳೆಯ ಫೋನಲ್ಲಿ ವಾದ ಮಾಡಿದ. ಇಲ್ಲೇ ಎಡವೋದು. ಬೇರೆ ತೆರಿಗೆ ತಪ್ಪಿಸಿಕೊಳ್ಳೋಕೆ ಸುಳ್ಳು ಲೆಕ್ಕ ಬರೀಬೇಕು, ವಕೀಲರನ್ನಿಡಬೇಕು. ಈ ತೆರಿಗೆ ತಪ್ಪಿಸಿಕೊಳ್ಳೋಕೆ ನೋಟು ಇಟ್ಟುಕೊಳ್ಳದೆ ಇದ್ದರೆ ಸಾಕು. ಬೆಲೆ ಏರೋದು ಜೋರಾದಷ್ಟೂ ಜನ ನೋಟು ಇಟ್ಟುಕೊಳ್ಳೋದು ಕಡಿಮೆ ಮಾಡ್ತಾರೆ.

ಒಂದು ಲೆಕ್ಕ ಹೇಳ್ತೀನಿ. ಅಂಕಿ ನಾನು ಕಲ್ಪಿಸಿದ್ದು, ಆದರೆ ಸೂತ್ರ ನನ್ನದಲ್ಲ. ಫಿಲಿಪ್ ಕೇಗನ್ ಅನ್ನೋ ಅರ್ಥಶಾಸ್ತ್ರಜ್ಞ ಜರ್ಮನಿ, ಆಸ್ಟ್ರಿಯಾ, ಹಂಗೇರಿ, ಪೋಲೆಂಡ್, ರಷ್ಯಾ, ಗ್ರೀಸ್ ದೇಶಗಳಲ್ಲಿ ಬೆಲೆಗಳು ಹುಚ್ಚೆದ್ದು ಏರಿದ ಕಾಲವನ್ನು ನೋಡಿ 1956ರಲ್ಲಿ ಕೊಟ್ಟ ಸೂತ್ರ ಅದು. ಬೆಲೆ ನಿಂತಲ್ಲೇ ನಿಂತಿದ್ದಾಗ ಒಂದು ಊರಿನವರು 100 ಮೂಟೆ ಅಕ್ಕಿ ಕೊಳ್ಳುವಷ್ಟು ನೋಟು ಕೈಲಿಟ್ಟುಕೊಂಡಿರ್ತಾರೆ ಅಂದುಕೊಳ್ಳಿ.

ತಿಂಗಳಿಗೆ ಶೇ. 5 ಬೆಲೆ ಏರಿದರೆ ಜನ ಸ್ವಲ್ಪ ಹುಷಾರಾಗ್ತಾರೆ, ಕೈಲಿರೋ ನೋಟು 78 ಮೂಟೆಯಷ್ಟಕ್ಕೆ ಇಳಿಯುತ್ತೆ. ಸರ್ಕಾರಕ್ಕೆ ಅದರ ಶೇ. 5, ಅಂದ್ರೆ ತಿಂಗಳಿಗೆ ಹತ್ತಿರತ್ತಿರ 4 ಮೂಟೆ ಸಿಗುತ್ತೆ.
ಶೇ. 10 ಏರಿದರೆ ಕೈಲಿ ಉಳಿಯೋದು 61 ಮೂಟೆಯಷ್ಟು. ಸರ್ಕಾರಕ್ಕೆ 6.
ಶೇ. 20 ಏರಿದರೆ 37. ಸರ್ಕಾರಕ್ಕೆ ಏಳೂವರೆ.
ಶೇ. 40 ಏರಿದರೆ ಹದಿಮೂರೂವರೆ. ಸರ್ಕಾರಕ್ಕೆ ಐದೂವರೆ.
ಶೇ. 60 ಏರಿದರೆ ಬರೀ 5. ಸರ್ಕಾರಕ್ಕೆ 3.

ಇನ್ನೊಂದು ಸಲ ನೋಡಿ. ಶೇ. 20ರ ತನಕ ದರ ಏರಿಸಿದಷ್ಟೂ ಸರ್ಕಾರಕ್ಕೆ ಹೆಚ್ಚು ಬಂತು. ಅಲ್ಲಿಂದಾಚೆ ದರ ಏರಿಸಿದಷ್ಟೂ ಕಡಿಮೆ ಬಂತು. ಶೇ. 60ರಲ್ಲಿ ಸಿಕ್ಕಿದ್ದು ಶೇ. 5ರಲ್ಲಿ ಸಿಕ್ಕಿದ್ದಕ್ಕಿಂತಲೂ ಕಡಿಮೆ. ಜನ ಮಾತ್ರ ತಿಂಗಳಿಗೆ ಶೇ. 60 ಬೆಲೆ ಏರಿಕೆಯಲ್ಲಿ ಬೇಯ್ತಿದ್ದಾರೆ. ಆ ತುದಿ ಎಲ್ಲಿರುತ್ತೆ ಅನ್ನೋದು ಊರಿಂದ ಊರಿಗೆ ಬೇರೆ. ಜನ ನೋಟು ಬಿಟ್ಟು ಎಷ್ಟು ಸಲೀಸಾಗಿ ಓಡಬಹುದು ಅನ್ನೋದರ ಮೇಲೆ ಅದು ನಿಂತಿದೆ. ಆದರೆ ತುದಿ ಅಂತ ಒಂದು ಇದ್ದೇ ಇರುತ್ತೆ.

ಹಾಗಿದ್ರೆ ಸರ್ಕಾರಗಳು ತುದಿ ದಾಟಿ ಯಾಕೆ ಹೋಗ್ತವೆ? ಜನ ತಕ್ಷಣ ಓಡಲ್ಲ, ಅದಕ್ಕೆ. ಬೆಲೆ ಏರ್ತಿದೆ ಅಂತ ಅರಿವಾಗಿ ಅಭ್ಯಾಸ ಬದಲಾಗೋಕೆ ಕೆಲವು ತಿಂಗಳು ಬೇಕು. ಅಷ್ಟರಲ್ಲಿ ಹೊಡೆದ ನೋಟಿಗೆ ಒಳ್ಳೆ ಫಸಲು ಸಿಗುತ್ತೆ. ಜನ ಹುಷಾರಾದ ಮೇಲೆ ಅದೇ ಫಸಲಿಗೆ ಎರಡರಷ್ಟು ಹೊಡೀಬೇಕು, ಆಮೇಲೆ ನಾಲ್ಕರಷ್ಟು. 1923ರ ಜರ್ಮನಿಯಲ್ಲಿ ಆದದ್ದು ಇದೇ. ಆ ವರ್ಷದ ನವೆಂಬರ್ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಕೂಲಿ ಕೈಗೆ ಬಂದ ಗಳಿಗೆಯಲ್ಲೇ ಜನ ಅಂಗಡಿಗೆ ಓಡುತ್ತಿದ್ದರು. 2008ರಲ್ಲಿ ಜಿಂಬಾಬ್ವೆಯಲ್ಲಿ ಹೀಗೇ ಆಗಿ, 2009ರ ಹೊತ್ತಿಗೆ ಜನ ಸ್ವಂತ ದೇಶದ ನೋಟನ್ನೇ ಬಿಟ್ಟು ಪರದೇಶದ ನೋಟಿಗೆ ಹೋದರು. ಯಾರೂ ಮುಟ್ಟದ ನೋಟಿನ ಮೇಲೆ ಎಷ್ಟು ತೆರಿಗೆ ಹಾಕಿದರೂ ಬರೋದು ಸೊನ್ನೆ.

ನಮ್ಮ ದೇಶದಲ್ಲಿ ಅಲ್ಲಿಗೆ ಹೋಗಿಲ್ಲ, ಅದು ನಿಜ. ನಾನು ಹೇಳಬೇಕಾದ್ದು ಬೇರೆ. ಓಡುವವರು ಯಾರು, ಉಳಿಯುವವರು ಯಾರು?

ಸಾಹುಕಾರ ಮೊದಲು ಓಡ್ತಾನೆ. ಸೈಟು ತಗೋತಾನೆ, ಚಿನ್ನ ತಗೋತಾನೆ, ಷೇರು ತಗೋತಾನೆ. ಅವನ ಆಸ್ತಿಯಲ್ಲಿ ನೋಟಿನ ಪಾಲು ಮೊದಲೇ ಕಡಿಮೆ, ಬೆಲೆ ಏರಿದಾಗ ಇನ್ನೂ ಕಡಿಮೆ ಆಗುತ್ತೆ. 2001ರಲ್ಲಿ 10 ಗ್ರಾಂ ಚಿನ್ನ ಸುಮಾರು 4,300 ರೂಪಾಯಿ, 2011ರಲ್ಲಿ 26,000ದ ಆಸುಪಾಸು. ಅಮ್ಮ ಆ 20,000ಕ್ಕೆ ಚಿನ್ನ ತಗೊಂಡಿದ್ದರೆ 46 ಗ್ರಾಂ ಬರ್ತಿತ್ತು. ಹತ್ತು ವರ್ಷದ ಮೇಲೆ ಅದೇ ನೋಟಿಗೆ 8 ಗ್ರಾಮೂ ಬರಲಿಲ್ಲ. ಚಿನ್ನ ಅಷ್ಟು ಏರಿದ್ದಕ್ಕೆ ಬೇರೆ ಕಾರಣಗಳೂ ಇದ್ದವು, ಎಲ್ಲ ಸಾಮಾನೂ ಆರು ಪಟ್ಟು ಏರಲಿಲ್ಲ. ಆದರೂ ಯೋಚನೆ ಮಾಡಿ. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ಚಿನ್ನ ತೆಗೆದವರ ಮನೆಯಲ್ಲಿ ಉಳಿದಿದ್ದು ನೋಟು. ನೋಟಿನಿಂದ ಓಡಿಹೋಗೋ ಬಾಗಿಲನ್ನು ಕೊರೆದು ಕೊಟ್ಟವರು ನಮ್ಮವರು, ಆ ಬಾಗಿಲಲ್ಲಿ ಹೊರಗೆ ಹೋದವರು ಬೇರೆಯವರು. ನಮ್ಮ ಹೆಂಗಸರ ಕಿವಿಯಲ್ಲಿರೋ ಒಂದು ಜೊತೆ ಓಲೆನೂ ವರ್ಷದಲ್ಲಿ ಅರ್ಧ ದಿನ ಗಿರವಿ ಅಂಗಡಿಯಲ್ಲೇ ಇರುತ್ತೆ.

ನನ್ನಂಥ ಗುಮಾಸ್ತ ಅರ್ಧ ಓಡ್ತಾನೆ. ನನಗೆ ತುಟ್ಟಿಭತ್ಯೆ ಇದೆ, ಬೆಲೆ ಏರಿದರೆ ತಡವಾಗಿಯಾದರೂ ಸಂಬಳ ಸ್ವಲ್ಪ ಏರುತ್ತೆ. ಸಂಬಳ ಬ್ಯಾಂಕಿಗೆ ಬರುತ್ತೆ, ಅಲ್ಲಿ ಒಂದಿಷ್ಟು ಬಡ್ಡಿ ಹುಟ್ಟುತ್ತೆ. ನಾನು ಕೂರೋ ಕಚೇರಿಯಲ್ಲೇ ಕಸ ಗುಡಿಸೋ ಅಕ್ಕ ಕಂಟ್ರಾಕ್ಟಿನವಳು. ಅವಳಿಗೆ ಇದ್ಯಾವುದೂ ಇಲ್ಲ.

"ಕೂಲಿಯವನ ಕೈಲಿ ನೋಟು ನಿಲ್ಲೋದೇ ಇಲ್ಲವಲ್ಲ, ಅವನಿಗೆ ಎಲ್ಲಿಯ ತೆರಿಗೆ?" ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ರಾತ್ರಿ ಕೂಲಿ ತಂದು, ಮರುದಿನ ಆಂಡರ್ಸನ್‌ಪೇಟೆಯಲ್ಲಿ ಖರ್ಚು ಮಾಡುವವನ ಹತ್ತಿರ ನೋಟು ಇರೋದು ಒಂದು ರಾತ್ರಿ. ನೋಟಿನ ಮೇಲಿನ ಕಡಿತ ಅವನಿಗೆ ಕಡಿಮೆಯೇ. ಅವನಿಗೆ ಬೀಳೋ ಪೆಟ್ಟು ಇನ್ನೊಂದು: ಅಕ್ಕಿ ಬೆಲೆ ಈ ವಾರ ಏರುತ್ತೆ, ಕೂಲಿ ಏರೋದು ಮುಂದಿನ ವರ್ಷ. ಆ ನಡುವಿನ ನಷ್ಟ ಅವನದೇ. ಡಬ್ಬದಲ್ಲಿ ನಾಲ್ಕು ಕಾಸು ಕೂಡಿಟ್ಟವಳು ನೋಟಿನ ಮೇಲೆ ಕಟ್ತಾಳೆ, ಕೂಡಿಡೋಕೂ ಆಗದವನು ಕೂಲಿಯ ಮೇಲೆ ಕಟ್ತಾನೆ.

ಇದು ಬರೀ ಲೆಕ್ಕ ಅಲ್ಲ. ಈ ತೆರಿಗೆಗೆ ನಮ್ಮ ದೇಶದಲ್ಲಿ ಜೀವಗಳು ಹೋಗಿವೆ.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಇಲ್ಲಿಂದ ಬಟ್ಟೆ, ಧಾನ್ಯ, ಸೈನ್ಯದ ಖರ್ಚು, ಎಲ್ಲ ಬೇಕಿತ್ತು. ಅವರು ಲಂಡನ್ನಿನಲ್ಲಿ ರಿಸರ್ವ್ ಬ್ಯಾಂಕಿನ ಖಾತೆಗೆ ಪೌಂಡು ಬರೆದಿಟ್ಟರು. ಆ ಬರಹವನ್ನೇ ಆಧಾರ ಮಾಡಿಕೊಂಡು ರಿಸರ್ವ್ ಬ್ಯಾಂಕು ಇಲ್ಲಿ ನೋಟು ಹೊರಡಿಸಿತು. ಸಾಮಾನು ಹಡಗು ಹತ್ತಿತು, ನೋಟು ಇಲ್ಲಿ ಉಳಿಯಿತು. 1939ರಲ್ಲಿ ಚಲಾವಣೆಯಲ್ಲಿದ್ದ ನೋಟು 180 ಕೋಟಿ ರೂಪಾಯಿಯ ಆಸುಪಾಸು, 1945ರಲ್ಲಿ 1,100 ಕೋಟಿ ದಾಟಿತ್ತು. ಆರು ಪಟ್ಟು. ಸಗಟು ಬೆಲೆಗಳು ಸುಮಾರು ಎರಡೂವರೆ ಪಟ್ಟು ಏರಿದವು.

ಆರು ಪಟ್ಟು ನೋಟು, ಬೆಲೆ ಎರಡೂವರೆ ಪಟ್ಟು. ಅಂದ್ರೆ ಜರ್ಮನಿ ಥರ ಜನ ನೋಟು ಬಿಟ್ಟು ಓಡಲಿಲ್ಲ. ಕೊಳ್ಳೋಕೆ ಸಾಮಾನು ಇರಲಿಲ್ಲ, ಬೇರೆ ಕಡೆ ಇಡೋಕೆ ದಾರಿ ಇರಲಿಲ್ಲ, ನೋಟು ಕೈಲೇ ಉಳಿಯಿತು. ಓಡೋಕೆ ಆಗದ ಜನರ ಮೇಲೆ ಈ ತೆರಿಗೆ ಚೆನ್ನಾಗಿ ವಸೂಲಾಗುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ದುಡ್ಡಿದ್ದವರಿಗೆ ಮಾತ್ರ ಒಂದು ದಾರಿ ತೆರೆದರು. 1943ರಿಂದ ಬ್ರಿಟಿಷ್ ಮತ್ತು ಅಮೆರಿಕ ಸರ್ಕಾರಗಳ ಪರವಾಗಿ ರಿಸರ್ವ್ ಬ್ಯಾಂಕು ಮುಂಬಯಿ ಪೇಟೆಯಲ್ಲಿ ಚಿನ್ನ ಮಾರಿತು, ಹೊರಬಿದ್ದ ನೋಟನ್ನು ಹಿಂದಕ್ಕೆ ಎಳೆದುಕೊಳ್ಳೋಕೆ. ಕೊಳ್ಳಬಲ್ಲವರು ಚಿನ್ನ ತಗೊಂಡು ಪಾರಾದರು. ಅದೇ 1943ರಲ್ಲಿ ಬಂಗಾಳದಲ್ಲಿ ಭೂಮಿ ಇಲ್ಲದ ಕೂಲಿಗಳು, ಮೀನುಗಾರರು, ದೋಣಿಯವರು ಅಕ್ಕಿ ಕೊಳ್ಳಲಾರದೆ ಬೀದಿಯಲ್ಲಿ ಬಿದ್ದು ಸತ್ತರು. ಇಪ್ಪತ್ತರಿಂದ ಮೂವತ್ತು ಲಕ್ಷ ಜನ ಅಂತ ಅಂದಾಜು. ಆ ಬರಗಾಲಕ್ಕೆ ಕಾರಣ ನೋಟೊಂದೇ ಅಲ್ಲ. ಆದರೆ ಯುದ್ಧದ ಬಿಲ್ಲನ್ನು ನೋಟಿನಲ್ಲಿ ತೀರಿಸಿದ್ದರಿಂದ ಏರಿದ ಬೆಲೆ ಮೊದಲು ಕೊಂದದ್ದು ಏರದ ಕೂಲಿಯವರನ್ನು.

ಈಗ ಬಾಬಾಸಾಹೇಬರ ಮಾತು. ರಿಸರ್ವ್ ಬ್ಯಾಂಕಿಗೆ ದಾರಿ ತೋರಿಸಿದ್ದು ಅಂಬೇಡ್ಕರ್ ಅಂತ ಪ್ರತಿ ಏಪ್ರಿಲ್ 14ಕ್ಕೆ ಪೋಸ್ಟರ್ ಹಾಕ್ತೀವಿ. ಅವರು ಬರೆದ 'ದಿ ಪ್ರಾಬ್ಲಮ್ ಆಫ್ ದಿ ರುಪೀ' ಎಷ್ಟು ಜನ ಬಿಚ್ಚಿ ನೋಡಿದ್ದೀವಿ? ಅದು ಬಂದದ್ದು 1923ರಲ್ಲಿ, ಜರ್ಮನಿಯ ನೋಟು ಕಸವಾದ ಅದೇ ವರ್ಷ. ರೂಪಾಯಿಯನ್ನು ಎಷ್ಟು ಬೇಕಾದರೂ ಹೊರಡಿಸುವ ಅಧಿಕಾರ ಆಳುವವರ ಕೈಲಿರಬಾರದು, ಅದಕ್ಕೆ ಮಿತಿ ಕಟ್ಟಬೇಕು ಅನ್ನೋದು ಅವರ ವಾದ. ಭಾರತದ ನಾಣ್ಯ ವ್ಯವಸ್ಥೆ ಬಗ್ಗೆ ದೊಡ್ಡ ಹೆಸರಾಗಿದ್ದ ಕೇನ್ಸ್ ಸಮರ್ಥಿಸಿದ್ದ ಪದ್ಧತಿಯನ್ನೇ ಅವರು ಎದುರು ಹಾಕಿಕೊಂಡರು. ಯಾಕಂದ್ರೆ ಬೆಲೆ ಏರಿದಾಗ ಕೂಲಿ ಹಿಂದೆ ಬೀಳುತ್ತೆ, ಲಾಭ ಬೇರೆಯವರಿಗೆ ಹೋಗುತ್ತೆ ಅನ್ನೋದು ಅವರಿಗೆ ಗೊತ್ತಿತ್ತು. ಚಿನ್ನದ ಆಧಾರ ಬೇಕು ಅಂದ ಅವರ ಪರಿಹಾರ ಇವತ್ತಿಗೆ ಹೊಂದುತ್ತೆ ಅಂತ ನಾನು ವಾದಿಸಲ್ಲ. ಆದರೆ ನೋಟು ಹೊಡೆಯೋ ಕೈಗೆ ಕಡಿವಾಣ ಬೇಕು ಅನ್ನೋದನ್ನು ಅವರ ಮಕ್ಕಳಾದ ನಾವೇ ಮರೆತು "ಹೊಡೀರಿ ಹೊಡೀರಿ" ಅಂತ ಚಪ್ಪಾಳೆ ತಟ್ಟಿದರೆ ಹೇಗೆ?

ಕಡಿವಾಣ ಬಂದದ್ದೂ ತಡವಾಗಿ. 1955ರಿಂದ 1997ರ ತನಕ ಕೇಂದ್ರ ಸರ್ಕಾರಕ್ಕೆ ಖರ್ಚಿಗೆ ದುಡ್ಡು ಸಾಲದೆ ಬಂದರೆ ಅಡ್‌ಹಾಕ್ ಟ್ರೆಷರಿ ಬಿಲ್ ಅನ್ನೋ ಚೀಟಿ ಬರೆದು ರಿಸರ್ವ್ ಬ್ಯಾಂಕಿಗೆ ಕೊಟ್ಟರೆ ಸಾಕಿತ್ತು, ಹೊಸ ಹಣ ಹುಟ್ಟುತ್ತಿತ್ತು. 1997ರ ಏಪ್ರಿಲ್‌ನಿಂದ ಅದು ನಿಂತಿತು. 2003ರ ಕಾನೂನು ಬಂದು, 2006ರಿಂದ ಸರ್ಕಾರದ ಸಾಲಪತ್ರವನ್ನು ರಿಸರ್ವ್ ಬ್ಯಾಂಕು ನೇರವಾಗಿ ಕೊಳ್ಳೋದೂ ನಿಂತಿತು. ಪೇಟೆಯಲ್ಲಿ ಕೊಳ್ಳೋ ದಾರಿ ಇನ್ನೂ ಇದೆ, ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿಲ್ಲ. ಆದರೂ ಆ ಬೇಲಿಯನ್ನು ಕೀಳಿ ಅಂತ ಕೂಗೋದು ನಮ್ಮ ಕೆಲಸ ಅಲ್ಲ.

ಇಷ್ಟು ಓದಿ ಕೆಲವರು ಖುಷಿಪಡಬಹುದು. "ನೋಡಿದ್ರಾ, ಬಡವರಿಗೆ ಕೊಟ್ಟರೆ ಬೆಲೆ ಏರುತ್ತೆ ಅಂತ ನಿಮ್ಮವನೇ ಒಪ್ಪಿಕೊಂಡ" ಅಂತ. ಇಲ್ಲ ಸ್ವಾಮಿ. ಕೊಡಬೇಡಿ ಅಂತ ನಾನು ಹೇಳಿಲ್ಲ, ಯಾರಿಂದ ತಗೊಂಡು ಕೊಡ್ತೀರಿ ಅಂತ ಕೇಳ್ತಿದ್ದೀನಿ. ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ತೆಗೆದುಹಾಕಿದರು. ಅಕ್ಕಿ ಡಬ್ಬದ ಮೇಲಿನ ತೆರಿಗೆ ತೆಗೆದಿಲ್ಲ. ವಯಸ್ಸಾದವರ ಪಿಂಚಣಿಗೆ ಕೇಂದ್ರ ಕೊಡೋ ಪಾಲು 60ರಿಂದ 79 ವಯಸ್ಸಿನವರಿಗೆ ತಿಂಗಳಿಗೆ 200 ರೂಪಾಯಿ. 2007ರಲ್ಲೂ ಅಷ್ಟೇ ಇತ್ತು, ಆಮೇಲೆ ಬೆಲೆಗಳು ಸುಮಾರು ಮೂರು ಪಟ್ಟಾದವು. ಆ 200 ಅಂದಿನ ಲೆಕ್ಕದಲ್ಲಿ 65-70 ರೂಪಾಯಿ. ಯಾರೂ ಪಿಂಚಣಿ ಕಡಿತ ಮಾಡಿ ಅಂತ ಆದೇಶ ಹೊರಡಿಸಿಲ್ಲ, ಕಡಿತ ಆಗಿಹೋಗಿದೆ.

ಆ ತಮ್ಮನಿಗೆ ನಾನು ಭಾನುವಾರ ಹೇಳಬೇಕಿದ್ದದ್ದನ್ನು ಈಗ ಹೇಳ್ತೀನಿ. ನೋಟು ಹೊಡೆದು ಕೊಡಿ ಅಂತ ಕೇಳಬೇಡ ತಮ್ಮಾ. ಮೊದಲ ತಿಂಗಳು ನಿನ್ನ ಕೈಗೆ ಬರುತ್ತೆ, ಆಮೇಲೆ ನಿನ್ನ ಅಮ್ಮನ ಡಬ್ಬದಿಂದ ಹೋಗುತ್ತೆ. ಪಿಂಚಣಿಯನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಿ ಅಂತ ಕೇಳು. ಕನಿಷ್ಠ ಕೂಲಿಗೆ ಕಾಗದದ ಮೇಲಿರೋ ತುಟ್ಟಿಭತ್ಯೆ ಕಂಟ್ರಾಕ್ಟಿನ ಅಕ್ಕನ ಕೈಗೆ ಬಂತಾ ಅಂತ ಲೇಬರ್ ಆಫೀಸಿನಲ್ಲಿ ಕೇಳು. ಸಂಪತ್ತಿನ ಮೇಲೆ ತೆರಿಗೆ ಮತ್ತೆ ಹಾಕಿ ಅಂತ ಕೇಳು. ಅದನ್ನು ಕೇಳೋಕೆ ಜೋರು ಗಂಟಲು ಬೇಕು, ಯಾಕಂದ್ರೆ ಅದನ್ನು ಕಟ್ಟಬೇಕಾದವರು ಸುಮ್ಮನಿರಲ್ಲ.

ಅಮ್ಮನ ಡಬ್ಬ ಈಗಲೂ ಇದೆ. ತಂಗಿ ಮದುವೆಗೆ ಕಡಿಮೆ ಬಿದ್ದದ್ದಕ್ಕೆ ಮಾಡಿದ ಸಾಲ ತೀರಿಸೋಕೆ ನನಗೆ ನಾಲ್ಕು ವರ್ಷ ಹಿಡಿಯಿತು. ಕಳೆದ ತಿಂಗಳು ನೋಡ್ದೆ, ತಳದಲ್ಲಿ ಮತ್ತೆ ಒಂದು ಕವರು. ಮೊಮ್ಮಗಳಿಗಂತೆ. ನಾಳೆ ಕರ್ಕೊಂಡು ಹೋಗಿ ಖಾತೆ ತೆರೆಸ್ತೀನಿ, ಹೆಬ್ಬೆಟ್ಟು ಒತ್ತಿದರೂ ಆಗುತ್ತೆ. ನಿಮ್ಮ ಮನೆಯಲ್ಲೂ ಒಂದು ಡಬ್ಬ ಇರುತ್ತೆ, ನೋಡಿ. ಮುಂದಿನ ಭಾನುವಾರದ ಸಭೆಗೆ ಬನ್ನಿ, ಪಿಂಚಣಿ ಅರ್ಜಿಯ ಕರಡು ತರ್ತೀನಿ.

ಜೈ ಭೀಮ್.